ವಾರ್ ಸಂಖ್ಯೆ ಸಣ್ಣದಿದೆ, ಅಪಾಯವೂ ಸಣ್ಣದೇ? ಬ್ಯಾಂಕಿನ ರಿಸ್ಕ್ ವರದಿಯಲ್ಲಿ ದೋಷ ಹುಡುಕುವ ಕೈಪಿಡಿ

ವ್ಯಾಲ್ಯೂ ಅಟ್ ರಿಸ್ಕ್ ಎಂಬುದನ್ನು ಟ್ರೆಷರಿಯಲ್ಲಿ ಚುಟುಕಾಗಿ ವಾರ್ ಎನ್ನುತ್ತಾರೆ. ಬ್ಯಾಂಕಿನ ಕೈಯಲ್ಲಿರುವ ಬಾಂಡು, ವಿದೇಶಿ ಕರೆನ್ಸಿ, ಷೇರು, ಡೆರಿವೇಟಿವ್ ಎಲ್ಲದರ ಅಪಾಯವನ್ನೂ ಅದು ಒಂದೇ ಸಂಖ್ಯೆಗೆ ಇಳಿಸುತ್ತದೆ. 1994ರಲ್ಲಿ ಜೆ.ಪಿ. ಮಾರ್ಗನ್ ತನ್ನ ರಿಸ್ಕ್‌ಮೆಟ್ರಿಕ್ಸ್ ವಿಧಾನವನ್ನು ಹೊರಗಿನವರಿಗೂ ಬಿಟ್ಟುಕೊಟ್ಟಿತು. 1996ರಲ್ಲಿ ಬ್ಯಾಂಕುಗಳಿಗೆ ಅಂತರರಾಷ್ಟ್ರೀಯ ನಿಯಮ ರೂಪಿಸುವ ಬಾಸೆಲ್ ಸಮಿತಿ, ನಷ್ಟ ತಾಳಲು ಬ್ಯಾಂಕು ಇಡಬೇಕಾದ ಬಂಡವಾಳದ ಲೆಕ್ಕಕ್ಕೂ ಇದನ್ನು ಒಪ್ಪಿತು. ಅಲ್ಲಿಂದ ಮುಂದೆ ಇದು ಎಲ್ಲ ದೊಡ್ಡ ಬ್ಯಾಂಕುಗಳ ದಿನದ ವರದಿಗೆ ಬಂದು ಕೂತಿತು.

ದೋಷ ಹುಡುಕುವ ಮೊದಲು ಸಂಖ್ಯೆ ಏನು ಹೇಳುತ್ತದೆ ಎಂಬುದು ಖಚಿತವಿರಬೇಕು. "ಒಂದು ದಿನದ, ಶೇ 99ರ ವಾರ್ 10 ಕೋಟಿ" ಎಂದರೆ ನೂರು ದಿನಗಳಲ್ಲಿ 99 ದಿನ ನಷ್ಟವು 10 ಕೋಟಿ ದಾಟಲಾರದು ಎಂಬ ಅಂದಾಜು. ಉಳಿದ ಒಂದು ದಿನ 11 ಕೋಟಿ ಹೋಗುತ್ತದೋ 400 ಕೋಟಿ ಹೋಗುತ್ತದೋ, ಅದರ ಬಗ್ಗೆ ಈ ಸಂಖ್ಯೆಗೆ ಮಾತೇ ಇಲ್ಲ. ವಾರ್ ಎಂಬುದು ಕೆಟ್ಟ ದಿನಗಳ ಕೋಣೆಯ ಹೊಸ್ತಿಲು ಮಾತ್ರ. ಒಳಗೆ ನೆಲವಿದೆಯೋ ಬಾವಿಯಿದೆಯೋ ಹೊಸ್ತಿಲನ್ನು ನೋಡಿ ತಿಳಿಯುವುದಿಲ್ಲ.

ಲೆಕ್ಕ ಮಾಡುವ ರೀತಿಯಲ್ಲೇ ಇದರ ಕಾರಣವಿದೆ. ಸಾಮಾನ್ಯ ವಿಧಾನ ಹೀಗೆ: ಹಿಂದಿನ 500 ವಹಿವಾಟು ದಿನಗಳ ಬೆಲೆ ಏರಿಳಿತವನ್ನು ತೆಗೆದುಕೊಂಡು, ಇವತ್ತಿನ ಹಿಡುವಳಿಯ ಮೇಲೆ ಒಂದೊಂದನ್ನೇ ಹಾಕಿ ನೋಡುವುದು. 500 ಲಾಭನಷ್ಟಗಳು ಸಿಗುತ್ತವೆ. ದೊಡ್ಡ ನಷ್ಟ ಮೇಲೆ ಬರುವಂತೆ ಜೋಡಿಸಿ ಐದನೆಯದನ್ನು ವಾರ್ ಎಂದು ಬರೆಯುತ್ತಾರೆ (ಕೆಲವು ಕಡೆ ಆರನೆಯದು). ಅದಕ್ಕಿಂತ ಮೇಲಿನ ನಾಲ್ಕು ನಷ್ಟಗಳನ್ನು ಹತ್ತು ಪಟ್ಟು ಹಿಗ್ಗಿಸಿದರೂ ವಾರ್ ಒಂದು ಪೈಸೆಯಷ್ಟೂ ಕದಲುವುದಿಲ್ಲ. ಮುಂದಿನ ಲಕ್ಷಣಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯ ಬೇರೆ ಬೇರೆ ಮುಖಗಳು.

## ಲಕ್ಷಣ 1: ಎರಡು ಡೆಸ್ಕುಗಳ ವಾರ್ ಒಂದೇ, ಆದರೆ ಒಂದರ ಬಗ್ಗೆ ಎಲ್ಲರಿಗೂ ಅಳುಕು

ಇದನ್ನು ಮೊದಲು ನೋಡಿ, ಏಕೆಂದರೆ ಪರೀಕ್ಷೆಗೆ ಐದು ನಿಮಿಷ ಸಾಕು, ಹೊಸ ಸಾಫ್ಟ್‌ವೇರ್ ಬೇಡ. ಎರಡೂ ಡೆಸ್ಕುಗಳ 500 ದಿನದ ಪಟ್ಟಿ ತರಿಸಿ, ಮೇಲಿನ ಐದು ನಷ್ಟಗಳನ್ನು ಪಕ್ಕಪಕ್ಕ ಬರೆಯಿರಿ. ಉದಾಹರಣೆಗೆ, ಕೋಟಿ ರೂಪಾಯಿಗಳಲ್ಲಿ:

ಮೊದಲ ಡೆಸ್ಕ್: 12, 11.5, 11, 10.5, 10
ಎರಡನೇ ಡೆಸ್ಕ್: 95, 40, 22, 14, 10

ಐದನೆಯ ನಷ್ಟ ಎರಡರಲ್ಲೂ 10, ಹಾಗಾಗಿ ವರದಿಯಲ್ಲಿ ಎರಡರ ವಾರ್ ಕೂಡ 10 ಕೋಟಿ. ಆದರೆ ಐದರ ಸರಾಸರಿ ತೆಗೆದರೆ ಮೊದಲನೆಯದು 11, ಎರಡನೆಯದು 36.2. ಈ ಸರಾಸರಿಗೆ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್ ಎಂದು ಹೆಸರು. ಹೊಸ್ತಿಲು ದಾಟಿದ ದಿನಗಳಲ್ಲಿ ಸರಾಸರಿ ಎಷ್ಟು ಹೋಗುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ. ಎಕ್ಸೆಲ್‌ನಲ್ಲಿ B ಕಾಲಂನಲ್ಲಿ ನಷ್ಟಗಳನ್ನು ಧನ ಸಂಖ್ಯೆಗಳಾಗಿ ಇಟ್ಟರೆ ಮೂರು ಸಾಲು ಸಾಕು:

```
D1:  =LARGE(B2:B501,5)
D2:  =AVERAGEIF(B2:B501,">="&D1)
D3:  =D2/D1
```

D1 ವಾರ್, D2 ಬಾಲದ, ಅಂದರೆ ಆ ಕೆಟ್ಟ ದಿನಗಳ ಸರಾಸರಿ, D3 ಅವೆರಡರ ಅನುಪಾತ. ನಷ್ಟಗಳು ಪಠ್ಯಪುಸ್ತಕದ ಗಂಟೆಯಾಕಾರದ ಹಂಚಿಕೆಯನ್ನೇ ಅನುಸರಿಸಿದ್ದರೆ ಶೇ 99ರ ಮಟ್ಟದಲ್ಲಿ ಈ ಅನುಪಾತ 1.15ರ ಹತ್ತಿರ ಇರಬೇಕು. ಮೇಲಿನ ಉದಾಹರಣೆಯಲ್ಲಿ ಒಂದು 1.1, ಇನ್ನೊಂದು 3.6. ಅನುಪಾತ 2 ದಾಟಿದ ಡೆಸ್ಕಿನ ವಾರ್ ಅನ್ನು ಒಂಟಿಯಾಗಿ ಯಾರಿಗೂ ಕಳಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಇದು ನಿಯಮ ಪುಸ್ತಕದ ಗೆರೆಯಲ್ಲ, ಕೆಲಸಕ್ಕೆ ಒದಗುವ ಗೆರೆ.

ಎಚ್ಚರ: ಐದೇ ದಿನಗಳ ಸರಾಸರಿ ಅಲುಗಾಡುವ ಸಂಖ್ಯೆ. ಆ 95 ಕೋಟಿಯ ದಿನ ಪಟ್ಟಿಯಿಂದ ಹೊರಬಿದ್ದರೆ ಅನುಪಾತ ಮರುದಿನವೇ ಕುಸಿಯುತ್ತದೆ. "ಅದೊಂದು ಅಪರೂಪದ ದಿನ, ತೆಗೆದುಬಿಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಲೆ ನಿಜವಾಗಿಯೂ ತಪ್ಪಾಗಿ ದಾಖಲಾಗಿದೆ ಎಂದು ಬೇರೊಂದು ಮೂಲದಿಂದ ಸಾಬೀತಾದರೆ ಮಾತ್ರ ಆ ದಿನವನ್ನು ಸರಿಪಡಿಸಬಹುದು.

## ಲಕ್ಷಣ 2: ತಿಂಗಳುಗಟ್ಟಲೆ ಸಣ್ಣ ವಾರ್, ಸಣ್ಣ ಸಣ್ಣ ಲಾಭ, ನಷ್ಟ ವಾರ್ ದಾಟಿದ ದಿನ ಒಂದೂ ಇಲ್ಲ

ಮೊದಲು ಎಣಿಸಿ. ಶೇ 99ರ ವಾರ್ ಸರಿಯಿದ್ದರೆ 250 ದಿನಗಳ ವರ್ಷದಲ್ಲಿ ಸರಾಸರಿ ಎರಡೂವರೆ ದಿನ ನಷ್ಟವು ಅದನ್ನು ದಾಟಬೇಕು. ಒಂದು ವರ್ಷ ಒಂದೂ ದಾಟದೆ ಹೋಗುವ ಸಾಧ್ಯತೆ ಶೇ 8ರಷ್ಟಿದೆ, ಆದ್ದರಿಂದ ಅದಕ್ಕೆ ಗಾಬರಿ ಬೇಡ. ಎರಡು ವರ್ಷ ಒಂದೂ ದಾಟದಿರುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆದಿರುತ್ತದೆ. ಒಂದೋ ವಾರ್ ಅನ್ನು ಅಗತ್ಯಕ್ಕಿಂತ ದೊಡ್ಡದಾಗಿ ಲೆಕ್ಕಹಾಕಲಾಗಿದೆ, ಇಲ್ಲವೇ ಹೋಲಿಕೆಗೆ ಬಳಸುವ ಲಾಭನಷ್ಟದಲ್ಲಿ ಕಮಿಷನ್, ಶುಲ್ಕದಂಥ ವರಮಾನ ಸೇರಿಕೊಂಡು ನಷ್ಟವನ್ನು ಮುಚ್ಚುತ್ತಿದೆ. ಎರಡನೆಯದನ್ನು ಪತ್ತೆಹಚ್ಚುವುದು ಸುಲಭ: ನಿನ್ನೆ ಸಂಜೆಯ ಹಿಡುವಳಿಯನ್ನು ಬದಲಿಸದೆ ಇವತ್ತಿನ ಬೆಲೆ ಹಾಕಿ ಬರುವ ಲಾಭನಷ್ಟದ ಜೊತೆ ಮಾತ್ರ ಹೋಲಿಸಿ.

ಇವೆರಡೂ ಅಲ್ಲ, ವಾರ್ ಕೂಡ ಸಣ್ಣದೇ ಎಂದಾದರೆ ಕಷ್ಟದ ಕಾರಣಕ್ಕೆ ಬಂದೆವು. ಅಪಾಯ ಆ 500 ದಿನಗಳ ಕಿಟಕಿಯ ಆಚೆ ಇದೆ. ಸ್ವಿಸ್ ಫ್ರಾಂಕಿಗಿಂತ ಒಳ್ಳೆಯ ಉದಾಹರಣೆ ಸಿಗದು.

2011ರ ಸೆಪ್ಟೆಂಬರ್ 6ರಂದು ಆ ದೇಶದ ಕೇಂದ್ರ ಬ್ಯಾಂಕಾದ ಸ್ವಿಸ್ ನ್ಯಾಷನಲ್ ಬ್ಯಾಂಕ್, ಒಂದು ಯೂರೋ 1.20 ಫ್ರಾಂಕಿಗಿಂತ ಕೆಳಗಿಳಿಯಲು ಬಿಡುವುದಿಲ್ಲ ಎಂದು ಘೋಷಿಸಿತು. ಅದಾದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಬೆಲೆ ಆ ನೆಲದ ಮೇಲೆಯೇ ಹೊರಳಾಡಿತು. 2015ರ ಜನವರಿ 14ರ ಸಂಜೆ ಒಂದು ಬ್ಯಾಂಕಿನ ಬಳಿ ಫ್ರಾಂಕ್ ಮಾರಿ ಕೊಂಡ 1 ಕೋಟಿ ಯೂರೋ ಇತ್ತೆಂದು ಇಟ್ಟುಕೊಳ್ಳಿ. ಅದರ ಬೆಲೆ ಸುಮಾರು 1.2 ಕೋಟಿ ಫ್ರಾಂಕ್. ಹಿಂದಿನ 500 ದಿನಗಳೆಲ್ಲವೂ ಆ ನೆಲ ಇದ್ದಾಗಿನ ದಿನಗಳೇ. ಅವುಗಳಲ್ಲಿ ಐದನೆಯ ಕೆಟ್ಟ ದಿನ ಅರ್ಧ ಶೇಕಡಾ ಇಳಿದಿತ್ತು ಎಂದು ಧಾರಾಳವಾಗಿ ಹಿಡಿದರೂ ವಾರ್ 60,000 ಫ್ರಾಂಕ್. ಮರುದಿನ, ಜನವರಿ 15ರ ಬೆಳಿಗ್ಗೆ, ಸ್ವಿಸ್ ನ್ಯಾಷನಲ್ ಬ್ಯಾಂಕ್ ಆ ನೆಲವನ್ನು ತೆಗೆದುಹಾಕಿತು. ಯೂರೋ ಒಂದು ಹಂತದಲ್ಲಿ 1 ಫ್ರಾಂಕಿಗಿಂತಲೂ ಕೆಳಗೆ ಹೋಯಿತು. 1.00ರಲ್ಲಿ ಹೊರಬಂದೆವು ಎಂದರೂ ನಷ್ಟ 20 ಲಕ್ಷ ಫ್ರಾಂಕ್. ಹಿಂದಿನ ಸಂಜೆಯ ವಾರ್‌ನ 33 ಪಟ್ಟು. ಬ್ರಿಟನ್ನಿನ ಕರೆನ್ಸಿ ಬ್ರೋಕರ್ ಅಲ್ಪಾರಿ ಯುಕೆ ಆ ವಾರವೇ ದಿವಾಳಿಯಾಯಿತು.

ಇಲ್ಲಿ ಲೆಕ್ಕ ತಪ್ಪಿರಲಿಲ್ಲ ಎಂಬುದನ್ನು ಗಮನಿಸಿ. ಕೊಟ್ಟ ದತ್ತಾಂಶಕ್ಕೆ ಉತ್ತರ ಸರಿಯಾಗಿಯೇ ಬಂದಿತ್ತು. ಲಕ್ಷಣ 1ರ ಅನುಪಾತವೂ ಇಲ್ಲಿ ಏನನ್ನೂ ಹಿಡಿಯುತ್ತಿರಲಿಲ್ಲ, ಏಕೆಂದರೆ ಬಾಲವೇ ಪಟ್ಟಿಯಲ್ಲಿರಲಿಲ್ಲ. ಹಿಡಿಯುತ್ತಿದ್ದ ಪರೀಕ್ಷೆ ಬೇರೆ. ಈ ಬೆಲೆಯನ್ನು ಯಾರಾದರೂ ಹಿಡಿದು ನಿಲ್ಲಿಸಿದ್ದಾರೆಯೇ ಎಂದು ಕೇಳಿ, ಹೌದಾದರೆ ಹಿಡಿಯುವ ಮುನ್ನ ಬೆಲೆ ಎಲ್ಲಿತ್ತು ಎಂದು ಹಿಂದಕ್ಕೆ ಹೋಗಿ ನೋಡುವುದು. ಘೋಷಣೆಗೆ ಒಂದು ತಿಂಗಳು ಮುಂಚೆ, 2011ರ ಆಗಸ್ಟ್‌ನಲ್ಲಿ, ಯೂರೋ ಹೆಚ್ಚುಕಡಿಮೆ 1 ಫ್ರಾಂಕಿಗೆ ಇಳಿದಿತ್ತು. ಬಿದ್ದರೆ ಎಲ್ಲಿಗೆ ಬೀಳಬಹುದು ಎಂಬ ಉತ್ತರ ಮೂರೂವರೆ ವರ್ಷ ಹಳೆಯ ಚಾರ್ಟಿನಲ್ಲೇ ಇತ್ತು.

ಆಪ್ಷನ್ ಮಾರಿ ಪ್ರೀಮಿಯಂ ತಿನ್ನುವ ಡೆಸ್ಕುಗಳಲ್ಲೂ ಇದೇ ಲಕ್ಷಣ. ಬೆಲೆ ಶೇ 10, ಶೇ 20 ಚಲಿಸಿದರೆ ಹಿಡುವಳಿಯ ಮೌಲ್ಯ ಎಷ್ಟಾಗುತ್ತದೆ ಎಂದು ಪೂರ್ತಿ ಮರುಲೆಕ್ಕ ಹಾಕಿಸಿ. ಬೆಲೆ ಚೂರು ಚಲಿಸಿದರೆ ಆಪ್ಷನ್ ಮೌಲ್ಯ ಎಷ್ಟು ಬದಲಾಗುತ್ತದೆ ಎಂಬ ಡೆಲ್ಟಾದಿಂದ ಗುಣಿಸಿದ ಅಂದಾಜನ್ನು ಇಲ್ಲಿ ಸ್ವೀಕರಿಸಬೇಡಿ.

## ಲಕ್ಷಣ 3: ಹಿಡುವಳಿ ಹಾಗೆಯೇ ಇದೆ, ವಾರ್ ಮಾತ್ರ ರಾತ್ರೋರಾತ್ರಿ ಇಳಿದಿದೆ

ಅಗ್ಗದ ಕಾರಣಗಳಿಂದ ಶುರುಮಾಡಿ. ಯಾವುದಾದರೂ ಡೆಸ್ಕಿನ ಹಿಡುವಳಿ ಕಡತ ಬಂದಿಲ್ಲವೇ? ನಿನ್ನೆಯ ಬೆಲೆಯೇ ಇವತ್ತೂ ಕೂತಿದೆಯೇ? ವಹಿವಾಟು ಕಮ್ಮಿಯಿರುವ ಬಾಂಡುಗಳಲ್ಲಿ ದಿನಗಟ್ಟಲೆ ಬೆಲೆ ಬದಲಾಗದಿದ್ದರೆ ಏರಿಳಿತ ಸೊನ್ನೆಯೆಂದು ದಾಖಲಾಗಿ ವಾರ್ ಕೆಳಗಿಳಿಯುತ್ತದೆ. ಆಮೇಲೆ ದಿನಾಂಕ ನೋಡಿ. 500 ದಿನಗಳ ಹಿಂದಿನ ಒಂದು ದೊಡ್ಡ ನಷ್ಟದ ದಿನ ನಿನ್ನೆಗೆ ಪಟ್ಟಿಯಿಂದ ಹೊರಬಿದ್ದಿದ್ದರೆ, ಲೋಕದಲ್ಲಿ ಏನೂ ಬದಲಾಗದೆ ಸಂಖ್ಯೆ ಇಳಿಯುತ್ತದೆ. ಹಾಗಾಗಿದ್ದರೆ ವರದಿಯಲ್ಲಿ ಒಂದು ಸಾಲು ಬರೆದರೆ ಸಾಕು, ಡೆಸ್ಕಿಗೆ ಹಾಕಿರುವ ವಾರ್ ಮಿತಿಯಲ್ಲಿ ಸಿಕ್ಕ ಜಾಗವನ್ನು ಹೊಸ ವ್ಯವಹಾರಕ್ಕೆ ಕೊಡಬಾರದು.

ಇವೆಲ್ಲ ಸರಿಯಿದ್ದು, ಅದೇ ವಾರದಲ್ಲಿ ವಾರ್ ಲೆಕ್ಕ ಹಾಕುವ ಮಾದರಿ ಬದಲಾಗಿದ್ದರೆ ಕೈಯಲ್ಲಿರುವ ಕೆಲಸ ಬಿಟ್ಟು ಇದನ್ನು ನೋಡಿ. 2012ರ ಜನವರಿಯಲ್ಲಿ ಜೆ.ಪಿ. ಮಾರ್ಗನ್ ಚೇಸ್‌ನಲ್ಲಿ ನಡೆದದ್ದು ಇದೇ. ಅದರ ಚೀಫ್ ಇನ್ವೆಸ್ಟ್‌ಮೆಂಟ್ ಆಫೀಸಿನ ಲಂಡನ್ ಶಾಖೆ ಕ್ರೆಡಿಟ್ ಡೆರಿವೇಟಿವ್‌ಗಳನ್ನು ರಾಶಿ ಹಾಕಿತ್ತು. ಇಡೀ ಬ್ಯಾಂಕಿನ ವಾರ್ ಮಿತಿ 12.5 ಕೋಟಿ ಡಾಲರ್, ಈ ವಿಭಾಗದಿಂದಾಗಿ ಅದನ್ನೂ ದಾಟಲಾಯಿತು. ಜನವರಿ ಕೊನೆಯಲ್ಲಿ ಹೊಸ ಮಾದರಿಗೆ ಒಪ್ಪಿಗೆ ಸಿಕ್ಕಿತು, ಈ ವಿಭಾಗದ ವಾರ್ 13.2 ಕೋಟಿಯಿಂದ 6.6 ಕೋಟಿ ಡಾಲರಿಗೆ ಇಳಿಯಿತು. ಮಿತಿ ಮೀರಿದ್ದು ಕಾಗದದ ಮೇಲೆ ಮಾಯವಾಯಿತು, ರಾಶಿ ಬೆಳೆಯುತ್ತಲೇ ಹೋಯಿತು.

ಬ್ಯಾಂಕಿನದೇ ತನಿಖಾ ತಂಡ 2013ರ ಜನವರಿಯಲ್ಲಿ ಹೊರಗಿಟ್ಟ ವರದಿಯ ಪ್ರಕಾರ ಆ ಮಾದರಿ ಓಡುತ್ತಿದ್ದುದು ಎಕ್ಸೆಲ್ ಹಾಳೆಗಳ ಮೇಲೆ, ಒಂದರಿಂದ ಇನ್ನೊಂದಕ್ಕೆ ಕೈಯಿಂದ ಕಾಪಿ ಪೇಸ್ಟ್ ಮಾಡುತ್ತ. ಒಂದು ಕಡೆ ದರಗಳ ಬದಲಾವಣೆಯನ್ನು ಹಳೆಯ ಮತ್ತು ಹೊಸ ದರದ ಸರಾಸರಿಯಿಂದ ಭಾಗಿಸಬೇಕಿತ್ತು, ಹಾಳೆ ಮೊತ್ತದಿಂದ ಭಾಗಿಸುತ್ತಿತ್ತು. ದರ 100ರಿಂದ 104ಕ್ಕೆ ಏರಿದರೆ ವ್ಯತ್ಯಾಸ 4. ಸರಾಸರಿ 102ರಿಂದ ಭಾಗಿಸಿದರೆ ಶೇ 3.92, ಮೊತ್ತ 204ರಿಂದ ಭಾಗಿಸಿದರೆ ಶೇ 1.96. ಆ ಭಾಗದಲ್ಲಿ ಏರಿಳಿತ ಸದ್ದಿಲ್ಲದೆ ಅರ್ಧವಾಯಿತು. ಮೇ 10ರಂದು ಬ್ಯಾಂಕ್ ಹಳೆಯ ಮಾದರಿಗೆ ಮರಳಿ, ಮೊದಲ ತ್ರೈಮಾಸಿಕದ ಸರಾಸರಿ ವಾರ್ 6.7 ಕೋಟಿಯಲ್ಲ, 12.9 ಕೋಟಿ ಡಾಲರ್ ಎಂದು ತಿದ್ದಿತು. ಒಟ್ಟು ನಷ್ಟ 620 ಕೋಟಿ ಡಾಲರ್ ಮುಟ್ಟಿತು.

ಇಲ್ಲಿ ಎರಡು ದೋಷಗಳಿವೆ, ಅವನ್ನು ಬೆರೆಸಬಾರದು. ಅರ್ಧವಾದ ವಾರ್ ಒಂದು ತಪ್ಪು, ಅದನ್ನು ಸೂತ್ರ ತಿದ್ದಿ ಸರಿಪಡಿಸಬಹುದು. ಆದರೆ ಸರಿಯಾದ 13.2 ಕೋಟಿಯನ್ನೇ ಇಟ್ಟುಕೊಂಡರೂ ನಷ್ಟ ಅದರ 47 ಪಟ್ಟು. ವಾರ್ ಒಂದು ದಿನದ ಮಾತಾಡುತ್ತದೆ. ಈ ರಾಶಿ ಮಾರುಕಟ್ಟೆಗೇ ದೊಡ್ಡದಾಗಿದ್ದರಿಂದ ತಿಂಗಳುಗಟ್ಟಲೆ ಮಾರಲಾಗದೆ ನಷ್ಟ ದಿನದಿನವೂ ಕೂಡುತ್ತ ಹೋಯಿತು. ಒಂದು ದಿನದ ವಾರ್ ಅನ್ನು 10ರ ವರ್ಗಮೂಲವಾದ 3.16ರಿಂದ ಗುಣಿಸಿ ಹತ್ತು ದಿನದ್ದು ಎನ್ನುವ ರೂಢಿಯೂ ಇದನ್ನು ಹಿಡಿಯದು, ಏಕೆಂದರೆ ಒಂದು ದಿನದ ನಷ್ಟಕ್ಕೂ ಮರುದಿನದ್ದಕ್ಕೂ ಸಂಬಂಧವಿಲ್ಲ ಎಂಬುದೇ ಆ ವರ್ಗಮೂಲದ ಆಧಾರ. ಆದ್ದರಿಂದ ನಮ್ಮ ಹಿಡುವಳಿ ಆ ಸಾಧನದ ದಿನದ ವಹಿವಾಟಿನ ಎಷ್ಟು ಪಟ್ಟು ಇದೆ ಎಂದು ಕೇಳಿ. ದಿನದ ವಹಿವಾಟಿನ ಹತ್ತನೇ ಒಂದು ಭಾಗವನ್ನಷ್ಟೇ ಮಾರುತ್ತ ಹೋದರೆ ಖಾಲಿಯಾಗಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿ, ಆ ದಿನಗಳ ಸಂಖ್ಯೆಯನ್ನು ವಾರ್ ಪಕ್ಕದಲ್ಲಿ ಬರೆಯಿರಿ.

ಎಚ್ಚರ: ಹೊಸ ಮಾದರಿ ತರುವಾಗ ಹಳೆಯದನ್ನು ನಿಲ್ಲಿಸಬೇಡಿ. ಕನಿಷ್ಠ ಒಂದು ತ್ರೈಮಾಸಿಕ ಎರಡನ್ನೂ ಜೊತೆಯಾಗಿ ಓಡಿಸಿ. ಆ ಅವಧಿಯಲ್ಲಿ ಎರಡರಲ್ಲಿ ದೊಡ್ಡದಿರುವ ಸಂಖ್ಯೆಯೇ ಮಿತಿಗೆ ಲೆಕ್ಕವಾಗಲಿ.

## ಲಕ್ಷಣ 4: ಬಿಡಿಬಿಡಿಯಾಗಿ ವಾರ್ ಸೊನ್ನೆ, ಕೂಡಿಸಿದರೆ ಭಾರಿ

ಅಪಾಯವನ್ನು ಹಂಚಿಟ್ಟರೆ ಕಡಿಮೆಯಾಗುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ. ವಾರ್ ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. 100 ಕೋಟಿಯ ಒಂದು ಬಾಂಡ್ ತೆಗೆದುಕೊಳ್ಳಿ. ಅದು ಮುಳುಗುವ ಸಾಧ್ಯತೆ ಶೇ 0.7, ಮುಳುಗಿದರೆ ಪೂರ್ತಿ ಹೋಯಿತು. ಶೇ 0.7 ಎಂಬುದು ಶೇ 1ಕ್ಕಿಂತ ಕಡಿಮೆ, ಹಾಗಾಗಿ ಶೇ 99ರ ವಾರ್ ಸೊನ್ನೆ. ಇಂಥದ್ದೇ ಇನ್ನೊಂದು ಬಾಂಡ್ ಬೇರೊಂದು ಡೆಸ್ಕಿನಲ್ಲಿದೆ, ಅದರದೂ ಸೊನ್ನೆ. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡನ್ನೂ ಒಟ್ಟಿಗೆ ಇಟ್ಟರೆ ಕನಿಷ್ಠ ಒಂದಾದರೂ ಮುಳುಗುವ ಸಾಧ್ಯತೆ ಶೇ 1.395, ಅದು ಶೇ 1 ದಾಟಿತು. ಒಟ್ಟು ವಾರ್ ಈಗ 100 ಕೋಟಿ. ಸೊನ್ನೆಗೆ ಸೊನ್ನೆ ಕೂಡಿಸಿ ನೂರು ಬಂತು.

ಮಾದರಿ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಹೊಸ್ತಿಲಿನಾಚೆ ಅಡಗಿದ್ದ ನಷ್ಟ ಈಚೆ ಕಾಲಿಟ್ಟಿತು, ಅಷ್ಟೇ. ಡೆಸ್ಕಿಗೊಂದರಂತೆ ವಾರ್ ಮಿತಿ ಹಂಚಿರುವ ಬ್ಯಾಂಕಿನಲ್ಲಿ ಪ್ರತಿಯೊಬ್ಬರೂ ಮಿತಿಯೊಳಗೇ ಇದ್ದು ಒಟ್ಟು ಬ್ಯಾಂಕ್ ಮಿತಿಯಾಚೆ ಇರಬಹುದು. ವಾರ್ ಸೊನ್ನೆ ಅಥವಾ ಅದರ ಹತ್ತಿರ ಇದ್ದೂ ಮುಖಬೆಲೆ ದೊಡ್ಡದಿರುವ ಹಿಡುವಳಿಗಳನ್ನು ಹುಡುಕಿ ತೆಗೆಯುವುದೇ ಇಲ್ಲಿನ ಪರೀಕ್ಷೆ.

ಸ್ವಿಟ್ಜರ್ಲೆಂಡಿನ ಯುಬಿಎಸ್ ಈ ಹುಡುಕಾಟ ಮಾಡದೆ ಪೆಟ್ಟು ತಿಂದಿತು. ಅಮೆರಿಕದ ಮನೆ ಸಾಲಗಳ ಮೇಲೆ ಕಟ್ಟಿದ ಸೂಪರ್ ಸೀನಿಯರ್ ಎಂಬ ಅತಿ ಭದ್ರ ದರ್ಜೆಯ ಪತ್ರಗಳು ಅದರ ಬಳಿ ರಾಶಿಯಾಗಿದ್ದವು. ಕೆಲವು ವ್ಯವಹಾರಗಳಲ್ಲಿ ಮುಖಬೆಲೆಯ ಶೇ 2ರಿಂದ 4ರಷ್ಟು ನಷ್ಟಕ್ಕೆ ಮಾತ್ರ ರಕ್ಷಣೆ ಕೊಂಡಿದ್ದರು. ಹಿಂದಿನ ಬೆಲೆಗಳ ಪ್ರಕಾರ ಅದಕ್ಕಿಂತ ಹೆಚ್ಚು ನಷ್ಟ ಬರುವಂತಿರಲಿಲ್ಲ, ಆದ್ದರಿಂದ ಪೂರ್ತಿ ರಕ್ಷಿತ ಎಂದು ಪರಿಗಣಿಸಿ ವಾರ್‌ನಲ್ಲಿ ಅವುಗಳ ಲೆಕ್ಕ ಸೊನ್ನೆಯಾಯಿತು. 2007ರಲ್ಲಿ ಬೆಲೆ ಆ ಶೇ 4ನ್ನು ತೂರಿಕೊಂಡು ಕೆಳಗಿಳಿಯಿತು. ಅಮೆರಿಕದ ಮನೆ ಸಾಲ ಸಂಬಂಧಿ ಹಿಡುವಳಿಗಳಿಂದ ಆ ವರ್ಷ ಬ್ಯಾಂಕಿಗಾದ ನಷ್ಟ 1,870 ಕೋಟಿ ಡಾಲರ್, ಅದರಲ್ಲಿ ದೊಡ್ಡ ಪಾಲು ಸೂಪರ್ ಸೀನಿಯರ್ ಪತ್ರಗಳದ್ದು. "ರಕ್ಷಣೆ ಇದೆ" ಎಂದು ಯಾರಾದರೂ ಹೇಳಿದಾಗ ಎಷ್ಟು ನಷ್ಟದವರೆಗೆ ಎಂದು ಕೇಳಿ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

## ಲಕ್ಷಣ 5: ನಷ್ಟ ವಾರ್ ದಾಟಿದ ದಿನಗಳು ಗುಂಪಾಗಿ ಬರುತ್ತಿವೆ

ಬಾಸೆಲ್‌ನ ಎಣಿಕೆ ಸರಳ. 250 ದಿನಗಳಲ್ಲಿ ನಾಲ್ಕರವರೆಗೆ ಹಸಿರು, ಐದರಿಂದ ಒಂಬತ್ತು ಹಳದಿ, ಹತ್ತು ಮತ್ತು ಮೇಲೆ ಕೆಂಪು. ಸರಿಯಾದ ಮಾದರಿಗೂ ಅದೃಷ್ಟ ಕೆಟ್ಟು ಐದು ಅಥವಾ ಹೆಚ್ಚು ಬರುವ ಸಾಧ್ಯತೆ ಶೇ 11ರ ಹತ್ತಿರ ಇದೆ, ಆದ್ದರಿಂದ ಹಳದಿಯಾದ ಕೂಡಲೇ ಮಾದರಿಯನ್ನು ಬೈಯಬೇಡಿ. ದಿನಾಂಕಗಳ ನಡುವಿನ ಅಂತರ ನೋಡಿ. ವರ್ಷವಿಡೀ ಚದುರಿದ ಐದಕ್ಕಿಂತ ಎರಡೇ ವಾರಗಳಲ್ಲಿ ಬಂದ ನಾಲ್ಕು ಕೆಟ್ಟದ್ದು, ಎಣಿಕೆ ಹಸಿರು ಎಂದರೂ ಸರಿಯೇ. ಮಾರುಕಟ್ಟೆ ಬಿರುಸಾದದ್ದು ಮಾದರಿಗೆ ತಿಳಿದಿಲ್ಲ ಎಂದು ಅದರ ಅರ್ಥ. 500 ದಿನಗಳಿಗೂ ಸಮ ತೂಕ ಕೊಡುವ ಲೆಕ್ಕದಲ್ಲಿ ಇದು ಸಾಮಾನ್ಯ. ಹೊಸ ದಿನಗಳಿಗೆ ಹೆಚ್ಚು ತೂಕ ಕೊಟ್ಟು ಮತ್ತೊಮ್ಮೆ ಓಡಿಸಿ. ರಿಸ್ಕ್‌ಮೆಟ್ರಿಕ್ಸ್ ದಿನದ ದತ್ತಾಂಶಕ್ಕೆ ಇಟ್ಟ 0.94, ಅಂದರೆ ಪ್ರತಿ ದಿನದ ತೂಕ ಅದರ ಮರುದಿನದ್ದರ 0.94 ಪಟ್ಟು, ಶುರುಮಾಡಲು ಸಾಕು.

ಎಣಿಕೆಗೆ ಗಾತ್ರ ಕಾಣುವುದಿಲ್ಲ. 10 ಕೋಟಿ ವಾರ್ ಇದ್ದ ದಿನ 10.5 ಕೋಟಿ ಹೋದರೂ ಒಂದು, 200 ಕೋಟಿ ಹೋದರೂ ಒಂದು. ಪ್ರತಿ ಸಲ ನಷ್ಟ ವಾರ್‌ನ ಎಷ್ಟು ಪಟ್ಟು ಎಂಬ ಕಾಲಂ ಸೇರಿಸಿ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಮಿತಿ ಮೀರಿದ ವಾರವೇ ಮಾದರಿ ಬದಲಿಸುವ ಪ್ರಸ್ತಾಪ ಬಂದರೆ ನೀವೇ ತೀರ್ಮಾನಿಸಬೇಡಿ. ಡೆಸ್ಕಿಗೂ ಮಾದರಿ ಬರೆದವರಿಗೂ ಸಂಬಂಧವಿಲ್ಲದ ಪರಿಶೀಲನಾ ತಂಡಕ್ಕೆ ಕೊಡಿ, ಚೀಫ್ ರಿಸ್ಕ್ ಆಫೀಸರ್‌ಗೆ ಬರಹದಲ್ಲಿ ತಿಳಿಸಿ. ಹೊರಗಿನ ಬೆಲೆಯೇ ಸಿಗದ ಹಿಡುವಳಿಗೆ ವಾರ್ ಲೆಕ್ಕ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಅಂಥದ್ದಕ್ಕೆ ಮುಖಬೆಲೆಯ ಮೇಲೆಯೇ ಮಿತಿ ಹಾಕುವುದು ಸುರಕ್ಷಿತ. ಒಂದೇ ದಿನದ ನಷ್ಟ ವಾರ್‌ನ ಮೂರು ಪಟ್ಟು ದಾಟಿದರೆ ಕಾರಣ ತಿಳಿಯುವವರೆಗೆ ಆ ಡೆಸ್ಕಿನ ಹಿಡುವಳಿ ಹೆಚ್ಚಾಗಬಾರದು.

ಬಾಸೆಲ್ ಸಮಿತಿ 2016ರಲ್ಲಿ ತಂದು 2019ರಲ್ಲಿ ತಿದ್ದಿದ ಹೊಸ ನಿಯಮಗಳಲ್ಲಿ ಸ್ವಂತ ಮಾದರಿ ಬಳಸುವ ಬ್ಯಾಂಕುಗಳ ಬಂಡವಾಳಕ್ಕೆ ವಾರ್ ಬದಲು ಶೇ 97.5ರ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್ ಬಂದಿದೆ. ಲಕ್ಷಣ 1 ಮತ್ತು 4ಕ್ಕೆ ಇದು ಮದ್ದು. ಬಾಲದ ಸರಾಸರಿ ತೆಗೆದಾಗ ಆ 95 ಕೋಟಿ ಕಾಣುತ್ತದೆ, ಎರಡು ಬಾಂಡುಗಳನ್ನು ಕೂಡಿಸಿದಾಗ ಮೊತ್ತ ಬಿಡಿಗಳ ಮೊತ್ತವನ್ನು ಮೀರುವುದಿಲ್ಲ. ಲಕ್ಷಣ 2ಕ್ಕೆ ಮಾತ್ರ ಅದೊಂದೇ ಸಾಲದು, ಏಕೆಂದರೆ ಅದೂ ಇರುವ ದತ್ತಾಂಶದಿಂದಲೇ ಹುಟ್ಟುತ್ತದೆ. ಅಲ್ಲಿ ಕೈಯಿಂದಲೇ ಸನ್ನಿವೇಶ ಬರೆದು ಓಡಿಸಬೇಕು: ಹಿಡಿದು ನಿಲ್ಲಿಸಿದ ಪ್ರತಿ ಬೆಲೆಯನ್ನೂ, ಹಿಡಿಯುವ ಮುನ್ನ ಅದಿದ್ದ ಮಟ್ಟಕ್ಕೆ ಒಂದೇ ದಿನದಲ್ಲಿ ಬೀಳಿಸಿ ನಷ್ಟ ನೋಡಿ. 2015ರ ಜನವರಿಯ ಆ 1 ಕೋಟಿ ಯೂರೋಗೆ ಈ ಲೆಕ್ಕ ಹಾಕಿದ್ದರೆ 60,000ದ ಪಕ್ಕದಲ್ಲಿ 20 ಲಕ್ಷ ಫ್ರಾಂಕ್ ಎಂಬ ಎರಡನೇ ಸಂಖ್ಯೆ ಹಿಂದಿನ ಸಂಜೆಯೇ ವರದಿಯಲ್ಲಿರುತ್ತಿತ್ತು.